ಘಾಟಿಲ್ಲದೆ ಮೆಣಸಿನಕಾಯಿಯನ್ನು ಹುರಿಯುವ ಕ್ರಮ

ಚಟ್ನಿಗಾಗಲಿ ಸಾರಿನ ಪುಡಿಗಾಗಲಿ ಒಣಮೆಣಸಿನಕಾಯಿಯನ್ನು ಹುರಿಯುವ ದಿವಸ ಮನೆಮಂದಿಯೆಲ್ಲರೂ ಕೆಮ್ಮುತ್ತ ಅಂಗಳಕ್ಕೆ ಬರುವುದು ಅನೇಕ ಗೃಹಗಳಲ್ಲಿ ವಾಡಿಕೆಯಾಗಿದೆ. ಉಬ್ಬಸವುಳ್ಳ ವೃದ್ಧರಿಗೂ ಎಳೆಮಕ್ಕಳಿಗೂ ಇದು ಅಪಾಯಕರ. ಘಾಟು ಮೆಣಸಿನಕಾಯಿಗೆ ಸಹಜವಾದುದೆಂದು ಜನರು ತಿಳಿದಿರುವರು. ವಾಸ್ತವವಾಗಿ ಅದು ಕಾಯಿ ಕರಿಕಾಗುತ್ತಿರುವುದರ ಸೂಚನೆ.

ಕಾಯಿಯ ಖಾರವು ಮುಖ್ಯವಾಗಿ ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿರುತ್ತದೆ. ಕಾಯಿಯು ಸುಟ್ಟಾಗ ಈ ಖಾರದ ಸತ್ವವು ಹೊಗೆಯ ಸೂಕ್ಷ್ಮ ಕಣಗಳೊಡನೆ ಗಾಳಿಗೆ ಸೇರಿ ಗಂಟಲನ್ನು ಹಿಡಿಯುತ್ತದೆ. ಆದಕಾರಣ ಕಾಯಿಯನ್ನು ಸುಡದೆ, ಅದರ ತೇವವನ್ನು ಮಾತ್ರ ಹೊರಡಿಸುವಷ್ಟು ಶಾಖವನ್ನು ಕೊಡತಕ್ಕದ್ದು.

ಪುಡಿಗಾಗಿ 250 ಗ್ರಾಂ ಬ್ಯಾಡಗಿ ಕಾಯಿಯನ್ನು ಹುರಿಯಬೇಕಾಗಿದೆಯೆಂದು ಭಾವಿಸೋಣ. ಮೊದಲು ಅದನ್ನು ಒಂದು ದಿನ ಒಳ್ಳೆಯ ಬಿಸಿಲಿನಲ್ಲಿ ಹರವಬೇಕು. ತೇವವುಳ್ಳ ಕಾಯಿಯನ್ನು ಬೆಂಕಿಯ ಮೇಲೆ ಹೆಚ್ಚು ಹೊತ್ತು ಇಡಬೇಕಾಗುವುದರಿಂದ ಒಳಗೆ ಮೆತ್ತಗಿರುವಾಗಲೇ ಹೊರಸಿಪ್ಪೆ ಕಪ್ಪಾಗುತ್ತದೆ. ತೊಟ್ಟನ್ನು ಆಗಲೇ ಮುರಿಯಕೂಡದು. ಮುರಿದರೆ ಬೀಜಗಳು ಉದುರಿ ಬಾಣಲೆಯ ತಳದಲ್ಲಿ ಎಲ್ಲಕ್ಕಿಂತ ಮೊದಲು ಸುಡುತ್ತವೆ. ಮುರಿದ ಕಾಯಿಗಳನ್ನೂ ಉದುರಿದ ಬೀಜಗಳನ್ನೂ ಮೊರದಲ್ಲಿ ಕೇರಿ ಬೇರ್ಪಡಿಸುವುದು ಉತ್ತಮ.

ದಪ್ಪನೆಯ ಕಬ್ಬಿಣದ ಬಾಣಲೆಯನ್ನು ಸಣ್ಣ ಉರಿಯ ಮೇಲಿಡಬೇಕು. ಸೌದೆಯ ಒಲೆಯಾದರೆ ಕೊಳ್ಳಿಗಳನ್ನು ಹೊರಕ್ಕೆಳೆದು ಕೆಂಡದ ಶಾಖವನ್ನು ಮಾತ್ರ ಉಳಿಸಿಕೊಳ್ಳುವುದು. ಬಾಣಲೆಗೆ ಒಂದು ಹನಿ ನೀರನ್ನು ಚಿಮುಕಿಸಿದರೆ ಅದು ಚುರ್ರೆಂದು ಆರಿಹೋಗಬೇಕು. ಹನಿಯು ಆರದೆ ಮುತ್ತಿನಂತೆ ಉರುಳಾಡಿದರೆ ಶಾಖವು ಮಿತಿಮೀರಿದೆಯೆಂದು ತಿಳಿದು ಬಾಣಲೆಯನ್ನು ಕೆಳಗಿಳಿಸಿ ಆರಗೊಡಬೇಕು.

ಕಾಯಿಯನ್ನು ಮೂರು ಪಾಲು ಮಾಡಿ, ಒಂದೊಂದನ್ನೇ ಮೂರರಿಂದ ನಾಲ್ಕು ನಿಮಿಷ, ಕೈ ಬಿಡದೆ ಮಗುಚುತ್ತ ಹುರಿಯಬೇಕು. ಬ್ಯಾಡಗಿ ಕಾಯಿಯ ಮೈ ಸುಕ್ಕುಗಟ್ಟಿರುವುದರಿಂದ ಬಾಣಲೆಗೆ ತಾಗುವ ಏಣುಗಳು ಬೇಗ ಕಾಯುತ್ತವೆ, ಸಂದುಗಳು ತಣ್ಣಗಿರುತ್ತವೆ. ತುಂಬ ಸುರಿದರೆ ಮಗುಚುವುದಕ್ಕೇ ಸ್ಥಳವಿರುವುದಿಲ್ಲ. ಕಾಯಿ ತುಸು ಉಬ್ಬಿ, ಬಣ್ಣ ಒಂದು ಛಾಯೆ ಗಾಢವಾಗಿ, ಸುವಾಸನೆ ಹೊರಟೊಡನೆ ಅಗಲವಾದ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಒಲೆಯಿಂದ ಇಳಿಸಿದ ಮೇಲೂ ಅದು ಕರಿಯುತ್ತಲೇ ಇರುತ್ತದೆ. ಬಿಸಿಯಲ್ಲಿ ಕಾಯಿ ಮೆತ್ತಗಿರುವುದನ್ನು ಕಂಡು ಮತ್ತೆ ಹುರಿಯುವವರುಂಟು. ಇದೇ ಸಾಮಾನ್ಯವಾದ ತಪ್ಪು. ಪೂರ್ಣವಾಗಿ ಆರಿದ ನಂತರ ಒಂದನ್ನು ಮುರಿದು ನೋಡಬೇಕು. ಫಟ್ಟೆಂದು ಮುರಿದರೆ ಪುಡಿಗೆ ಸಿದ್ಧವಾಯಿತು. ನೆನೆಸಿ ಅರೆಯುವ ಚಟ್ನಿಗೆ ಇಷ್ಟು ಗರಿಗರಿ ಬೇಕಿಲ್ಲ, ಎರಡು ನಿಮಿಷ ಸಾಕು.

ಖಾರವು ಹೆಚ್ಚಾದ ಗುಂಟೂರು ಕಾಯಿಯನ್ನು ಬ್ಯಾಡಗಿಯೊಡನೆ ಬೆರೆಸದೆ ಪ್ರತ್ಯೇಕವಾಗಿ ಹುರಿಯಬೇಕು. ಅದರ ಘಾಟು ಬಹು ತೀಕ್ಷ್ಣವಾದುದು. ಅರ್ಧ ಚಮಚ ಎಣ್ಣೆಯನ್ನು ಸವರಿದರೆ ಶಾಖ ಸಮವಾಗಿ ಹರಡುವುದೇನೋ ನಿಜ, ಆದರೆ ಅಂಥ ಪುಡಿಯು ಬೇಗ ಕಮಟುವುದರಿಂದ ತಿಂಗಳುಗಟ್ಟಲೆ ಇಡುವುದಕ್ಕೆ ತಕ್ಕುದಲ್ಲ.

ಎಷ್ಟು ಜಾಗರೂಕತೆ ವಹಿಸಿದರೂ ಒಮ್ಮೊಮ್ಮೆ ಹೊಗೆ ಎದ್ದೀತು. ಆಗ ಬಾಣಲೆಗೆ ನೀರು ಹೊಯ್ಯಕೂಡದು. ಏಳುವ ಆವಿಯು ಖಾರವನ್ನು ಮನೆತುಂಬ ಒಯ್ಯುತ್ತದೆ. ಮುಚ್ಚಳವನ್ನು ಮುಚ್ಚಿ ಬಾಣಲೆಯನ್ನು ಹೊರಗೆ ಒಯ್ಯಬೇಕು. ಕಪ್ಪಾದ ಕಾಯಿಗಳನ್ನು ಆರಿಸಿ ತೆಗೆಯುವುದು ಅವಶ್ಯಕ, ಏಕೆಂದರೆ ಅಂಥ ನಾಲ್ಕೈದು ಕಾಯಿಗಳೇ ಇಡೀ ಡಬ್ಬಿಯ ಪುಡಿಯನ್ನು ಕಹಿಮಾಡುತ್ತವೆ.