ಸಣ್ಣ ಬೇಕರಿ ಘಟಕಗಳಲ್ಲಿ ಕೆಲಸಗಾರರ ನೇಮಕ: ಒಬ್ಬ ಅನುಭವಿಯೇ, ಇಬ್ಬರು ಹೊಸಬರೇ?

ಬೇಕರಿ ಘಟಕದ ಸ್ಥಾಪನೆ ಅಥವಾ ವಿಸ್ತರಣೆಗಾಗಿ ಸಾಲ ಹಾಗೂ ಸಹಾಯಧನ ಕೋರಿ ಅರ್ಜಿ ಸಲ್ಲಿಸುವವರು ಯೋಜನಾ ವರದಿಯಲ್ಲಿ ಕೆಲಸಗಾರರ ಸಂಖ್ಯೆಯನ್ನೂ ಮಾಸಿಕ ವೇತನವನ್ನೂ ನಮೂದಿಸಬೇಕಾಗುತ್ತದೆ. ಒಬ್ಬ ಅನುಭವಿ ಬೇಕರಿ ಮಾಸ್ಟರ್‌ಗೆ ನೀಡುವ ವೇತನದಲ್ಲಿ ಹೆಚ್ಚುಕಡಿಮೆ ಇಬ್ಬರು ಹೊಸಬರನ್ನು ನೇಮಿಸಿಕೊಳ್ಳಬಹುದೆಂಬುದು ಹಲವರ ಲೆಕ್ಕಾಚಾರವಾಗಿರುತ್ತದೆ. ವೇತನದ ಮಟ್ಟಿಗೆ ಈ ಲೆಕ್ಕ ಸರಿಯೇ. ಆದರೆ ಹೊಸಬರು ಕೆಲಸ ಕಲಿಯುವ ಅವಧಿಯಲ್ಲಿ ಹಾಳಾಗುವ ಸರಕಿನ ವೆಚ್ಚವು ವೇತನದ ಪಟ್ಟಿಯಲ್ಲಿ ಕಾಣುವುದಿಲ್ಲ. ಲಾಭಾಂಶ ಕಡಿಮೆ ಇರುವ ಘಟಕಗಳಲ್ಲಿ ಈ ವೆಚ್ಚವೇ ನಿರ್ಣಾಯಕವಾಗುತ್ತದೆ. ಅದನ್ನು ಲೆಕ್ಕ ಹಾಕುವ ಕ್ರಮವನ್ನು ಈ ಕೆಳಗೆ ವಿವರಿಸಲಾಗಿದೆ.

1. ಅನುಭವ ಬೇಕಾಗುವ ಕೆಲಸ ಯಾವುದು?

ಟಿನ್‌ಗಳಿಗೆ ಎಣ್ಣೆ ಸವರುವುದು, ಹಿಟ್ಟಿನ ಉಂಡೆಗಳನ್ನು ತೂಗುವುದು, ಬಿಸ್ಕತ್ತು ಅಚ್ಚೊತ್ತುವುದು, ಬ್ರೆಡ್ ಕತ್ತರಿಸಿ ಪೊಟ್ಟಣ ಕಟ್ಟುವುದು ಮತ್ತು ಸ್ವಚ್ಛತೆ, ಇವುಗಳನ್ನು ಹೊಸಬರು ಕೆಲವೇ ವಾರಗಳಲ್ಲಿ ಕಲಿಯಬಲ್ಲರು. ಕಲಿಯಲು ಕಾಲ ಬೇಕಾಗುವುದು ಮುಖ್ಯವಾಗಿ ಮೂರು ನಿರ್ಧಾರಗಳಿಗೆ: ಹಿಟ್ಟಿಗೆ ಎಷ್ಟು ನೀರು ಹಾಕಬೇಕು, ಹಿಟ್ಟು ಎಷ್ಟು ಹೊತ್ತು ಉಬ್ಬಬೇಕು ಮತ್ತು ಓವನ್ ಯಾವ ಹದಕ್ಕೆ ಬಂದಾಗ ಟಿನ್‌ಗಳನ್ನು ಇಡಬೇಕು.

ಮೈದಾ ಹೀರಿಕೊಳ್ಳುವ ನೀರಿನ ಪ್ರಮಾಣ ಚೀಲದಿಂದ ಚೀಲಕ್ಕೆ ಬದಲಾಗುತ್ತದೆ. ಬೇಸಿಗೆಯಲ್ಲಿ ಹಿಟ್ಟು ಬೇಗ ಉಬ್ಬುವುದರಿಂದ ತಣ್ಣೀರು ಬಳಸಬೇಕಾಗುತ್ತದೆ ಅಥವಾ ಈಸ್ಟ್ ತಗ್ಗಿಸಬೇಕಾಗುತ್ತದೆ. ಉಬ್ಬುವುದು ಕಡಿಮೆಯಾದಲ್ಲಿ ಬ್ರೆಡ್ ಗಟ್ಟಿಯಾಗಿ ಅದರ ಪಕ್ಕಗಳು ಬಿರಿಯುತ್ತವೆ. ಹೆಚ್ಚಾದಲ್ಲಿ ಮೇಲ್ಭಾಗ ಕುಸಿದು ಹುಳಿ ವಾಸನೆ ಬರುತ್ತದೆ. ಈ ದೋಷಗಳು ಬೆಂದ ನಂತರವೇ ಪೂರ್ಣವಾಗಿ ಕಾಣಿಸಿಕೊಳ್ಳುವುದರಿಂದ ಆ ವೇಳೆಗೆ ಸರಿಪಡಿಸಲು ಅವಕಾಶವಿರುವುದಿಲ್ಲ. ಆದುದರಿಂದ ಈ ಮೂರು ನಿರ್ಧಾರಗಳನ್ನು ಘಟಕದಲ್ಲಿ ಯಾರು ಕೈಗೊಳ್ಳುವರು ಎಂಬುದನ್ನು ಅರ್ಜಿದಾರರು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು.

2. ಒಂದು ಉದಾಹರಣೆ

ಗಂಡ ಹೆಂಡತಿ ಇಬ್ಬರೇ ನಡೆಸುವ ಒಂದು ಬೇಕರಿಯನ್ನು ಪರಿಗಣಿಸಬಹುದು. ಮಾಲೀಕರಿಗೆ ಬ್ರೆಡ್ ತಯಾರಿಕೆ ತಿಳಿದಿದೆ. ಪತ್ನಿ ಮಾರಾಟವನ್ನು ನೋಡಿಕೊಳ್ಳುತ್ತಾರೆ. ಬೇಡಿಕೆ ಹೆಚ್ಚಿದ ಕಾರಣ ಕೆಲಸಗಾರರು ಬೇಕಾಗಿದ್ದಾರೆ. ಅನುಭವಿ ಮಾಸ್ಟರ್‌ಗೆ ತಿಂಗಳಿಗೆ ರೂ. 30,000/-, ಹೊಸಬರಿಗೆ ತಲಾ ರೂ. 16,000/- ಎಂದು ಇಟ್ಟುಕೊಳ್ಳೋಣ. (ಈ ಮೊತ್ತಗಳು ಲೆಕ್ಕವನ್ನು ವಿವರಿಸಲು ಮಾತ್ರ.) ವೇತನದಲ್ಲಿನ ವ್ಯತ್ಯಾಸ ಕೇವಲ ರೂ. 2,000/-.

ದಿನಕ್ಕೆ 25 ಕಿಲೋ ಮೈದಾದ ಒಂದು ಹದ ಬ್ರೆಡ್ ತಯಾರಾಗುತ್ತದೆ. ನೀರು, ಸಕ್ಕರೆ, ಕೊಬ್ಬು ಮತ್ತು ಉಪ್ಪು ಸೇರಿ ಸುಮಾರು 42 ಕಿಲೋ ಹಿಟ್ಟಾಗುತ್ತದೆ. 400 ಗ್ರಾಂ ಬ್ರೆಡ್‌ಗೆ 450 ಗ್ರಾಂ ಹಿಟ್ಟು ತೂಗಿದಲ್ಲಿ, ಪಾತ್ರೆಗೆ ಅಂಟುವುದನ್ನು ಕಳೆದು ಸುಮಾರು 90 ಬ್ರೆಡ್ ದೊರೆಯುತ್ತವೆ. ಒಂದಕ್ಕೆ ರೂ. 35/-ರಂತೆ ಒಟ್ಟು ರೂ. 3,150/-. ಇದರಲ್ಲಿ ಕಚ್ಚಾವಸ್ತುವಿನ ವೆಚ್ಚ ಸುಮಾರು ರೂ. 1,600/-.

ಹೊಸಬರು ಕಣ್ಣಳತೆಯಿಂದ ಹಿಟ್ಟು ಕತ್ತರಿಸಿ ಒಂದೊಂದು ಉಂಡೆಗೂ 20 ಗ್ರಾಂ ಹೆಚ್ಚು ಹಾಕಿದರೆ 90ರ ಬದಲು 86 ಬ್ರೆಡ್ ಮಾತ್ರ ದೊರೆಯುತ್ತವೆ. ದಿನಕ್ಕೆ ರೂ. 140/-, ತಿಂಗಳಿಗೆ ರೂ. 4,200/- ನಷ್ಟ. ಯಾವ ಬ್ರೆಡ್ಡೂ ಹಾಳಾಗದ ಕಾರಣ ಈ ನಷ್ಟ ಯಾರ ಗಮನಕ್ಕೂ ಬರುವುದಿಲ್ಲ. ಪ್ರತಿದಿನ ದೊರೆತ ಬ್ರೆಡ್‌ಗಳನ್ನು ಎಣಿಸಿ ಬರೆದಿಡುವುದೊಂದೇ ಇದನ್ನು ಪತ್ತೆ ಹಚ್ಚುವ ಸುಲಭ ಮಾರ್ಗ.

ಮೊದಲ ತಿಂಗಳು ಎರಡು ಹದ ಪೂರ್ತಿ ಕೆಟ್ಟರೆ ಮತ್ತೆ ರೂ. 6,300/- ನಷ್ಟ. ಹೀಗೆ ಇಬ್ಬರು ಹೊಸಬರ ಮೊದಲ ತಿಂಗಳ ನಿಜವಾದ ವೆಚ್ಚ ರೂ. 42,500/-, ಅಂದರೆ ಅನುಭವಿಗಿಂತ ರೂ. 12,500/- ಹೆಚ್ಚು. ಎರಡನೆಯ ತಿಂಗಳು ಒಂದು ಹದ ಕೆಟ್ಟು ತೂಕದ ನಷ್ಟ ಅರ್ಧಕ್ಕೆ ಇಳಿದರೆ ಹೆಚ್ಚುವರಿ ವೆಚ್ಚ ರೂ. 7,250/-. ಮೂರನೆಯ ತಿಂಗಳು ನಷ್ಟವಿಲ್ಲದೆ ಸಾಗಿದರೆ ವೇತನದ ವ್ಯತ್ಯಾಸವಾದ ರೂ. 2,000/- ಮಾತ್ರ. ಕಲಿಕೆಯ ಅವಧಿಯ ಒಟ್ಟು ಹೆಚ್ಚುವರಿ ಹೊರೆ ರೂ. 21,750/-. ಯೋಜನಾ ವರದಿಯ ದುಡಿಯುವ ಬಂಡವಾಳದಲ್ಲಿ ಈ ಮೊತ್ತವನ್ನು ತೋರಿಸದಿದ್ದಲ್ಲಿ ಮೊದಲ ತಿಂಗಳುಗಳಲ್ಲಿಯೇ ಮೈದಾ ಖರೀದಿಗೆ ಹಣದ ಕೊರತೆ ಉಂಟಾಗಬಹುದು.

3. ಈ ಹೊರೆ ಮರಳಿ ಬರುವುದು ಯಾವಾಗ?

ಅನುಭವಿ ಮಾಸ್ಟರ್ ಒಬ್ಬರೇ ಮಾಡಬಹುದಾದುದಕ್ಕಿಂತ ಇಬ್ಬರು ಹೊಸಬರು ಮಾಲೀಕರೊಡನೆ ಸೇರಿ ದಿನಕ್ಕೆ 10 ಬ್ರೆಡ್ ಹೆಚ್ಚು ತಯಾರಿಸಿ, ಅವು ಮಾರಾಟವೂ ಆದವೆಂದು ಭಾವಿಸೋಣ. ಒಂದಕ್ಕೆ ಕಚ್ಚಾವಸ್ತು ಕಳೆದು ರೂ. 17/- ಉಳಿದರೆ ತಿಂಗಳಿಗೆ ರೂ. 5,100/-. ಹೆಚ್ಚುವರಿ ವೇತನ ಕಳೆದು ಉಳಿಯುವುದು ರೂ. 3,100/-. ಈ ದರದಲ್ಲಿ ರೂ. 21,750/- ಮರಳಿ ಬರಲು ಸುಮಾರು ಏಳು ತಿಂಗಳು ಬೇಕು. ಕಲಿಕೆಯ ಮೂರು ತಿಂಗಳನ್ನು ಸೇರಿಸಿದರೆ ಇಬ್ಬರೂ ಕನಿಷ್ಠ ಹತ್ತು ತಿಂಗಳು ಉಳಿಯಬೇಕು. ಆರನೆಯ ತಿಂಗಳಲ್ಲಿ ಒಬ್ಬರು ಬಿಟ್ಟುಹೋದರೆ ಹೊರೆಯ ಒಂದು ಭಾಗ ಮತ್ತೆ ಆರಂಭವಾಗುತ್ತದೆ. ಹೆಚ್ಚುವರಿ ಬೇಡಿಕೆಯೇ ಇಲ್ಲದಿದ್ದಲ್ಲಿ ಅದು ಎಂದಿಗೂ ಮರಳಿ ಬರುವುದಿಲ್ಲ.

ಅನುಭವಿಯ ನೇಮಕದಲ್ಲಿಯೂ ಅಪಾಯವಿದೆ. ವಾರದ ರಜೆಯ ದಿನ ಮತ್ತು ಅವರು ಅನಾರೋಗ್ಯದಿಂದಿರುವ ದಿನ ಬದಲಿ ವ್ಯಕ್ತಿ ಇಲ್ಲದಿದ್ದಲ್ಲಿ ಓವನ್ ಹಚ್ಚುವಂತಿಲ್ಲ. ಅವರು ಕೆಲಸ ಬಿಟ್ಟರೆ ಪಾಕವಿಧಾನವೂ ಅವರೊಡನೆ ಹೋಗುತ್ತದೆ. ಆದ್ದರಿಂದ ಎಲ್ಲ ಪದಾರ್ಥಗಳ ಅಳತೆಯನ್ನು ಗ್ರಾಂ ಲೆಕ್ಕದಲ್ಲಿ ಬರೆದಿಡುವ ಷರತ್ತನ್ನು ನೇಮಕದ ಸಮಯದಲ್ಲಿಯೇ ತಿಳಿಸುವುದು ಸೂಕ್ತ.

4. ಆಯ್ಕೆ ಮಾಡುವ ಕ್ರಮ

(ಅ) ಮಾಲೀಕರಿಗೆ ಹಿಟ್ಟು ಮತ್ತು ಓವನ್‌ನ ಹದ ತಿಳಿದಿದ್ದು, ಹಿಟ್ಟು ಕಲಸುವ ವೇಳೆಯಲ್ಲಿ ಪ್ರತಿದಿನ ಹಾಜರಿರಲು ಸಾಧ್ಯವಿದ್ದು, ಹೆಚ್ಚುವರಿ ಬೇಡಿಕೆಯೂ ಇದ್ದಲ್ಲಿ ಇಬ್ಬರು ಹೊಸಬರ ನೇಮಕ ಸೂಕ್ತ.

(ಆ) ಮಾಲೀಕರಿಗೆ ಈ ಕೆಲಸ ತಿಳಿಯದಿದ್ದಲ್ಲಿ ಅಥವಾ ಅವರು ಮಾರಾಟದಲ್ಲಿಯೇ ನಿರತರಾಗಿದ್ದಲ್ಲಿ ಅನುಭವಿಯನ್ನೇ ನೇಮಿಸಿಕೊಳ್ಳುವುದು ಸೂಕ್ತ. ಕಲಿಸುವವರಿಲ್ಲದ ಕಡೆ ಹೊಸಬರ ಕಲಿಕೆಯ ಅವಧಿ ಮೂರು ತಿಂಗಳಿಗೆ ಮುಗಿಯುವುದಿಲ್ಲ.

(ಇ) ಮೇಲಿನ ಮೊತ್ತವನ್ನು ಭರಿಸಲು ಸಾಧ್ಯವಿಲ್ಲದಿದ್ದಲ್ಲಿ ಮೊದಲು ಒಬ್ಬ ಹೊಸಬರನ್ನು ನೇಮಿಸಿ, ಅವರು ಕೆಲಸ ಕಲಿತ ನಂತರ ಇನ್ನೊಬ್ಬರನ್ನು ತೆಗೆದುಕೊಳ್ಳಬಹುದು.

ಅನುಭವಿಯನ್ನು ನೇಮಿಸುವ ಮೊದಲು ವೇತನ ನೀಡಿ ಒಂದು ದಿನ ಕೆಲಸ ಮಾಡಿಸಿ ನೋಡುವುದು ಒಳ್ಳೆಯದು. ನುರಿತವರು ನೀರನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಉಳಿಸಿಕೊಂಡು ಹದ ನೋಡಿ ಸೇರಿಸುತ್ತಾರೆ ಮತ್ತು ಉಂಡೆಗಳನ್ನು ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಸೌದೆ ಭಟ್ಟಿಯಲ್ಲಿ ಹಲವು ವರ್ಷ ದುಡಿದವರಿಗೂ ವಿದ್ಯುತ್ ಓವನ್‌ನ ಹದ ಹೊಸದಾಗಿರುತ್ತದೆ. ಆದುದರಿಂದ ಅನುಭವದ ವರ್ಷಗಳೊಂದಿಗೆ ಯಾವ ಬಗೆಯ ಓವನ್‌ನಲ್ಲಿ ಕೆಲಸ ಮಾಡಿದ್ದಾರೆ ಎಂಬುದನ್ನೂ ವಿಚಾರಿಸತಕ್ಕದ್ದು.

ವಿಶೇಷ ಸೂಚನೆ

ಕೆಲಸ ಕಲಿಯುತ್ತಿದ್ದಾರೆಂಬ ಕಾರಣಕ್ಕೆ ನೌಕರರಿಗೆ ಸರ್ಕಾರವು ಅಧಿಸೂಚಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆ ನೀಡುವಂತಿಲ್ಲ. ಮೇಲಿನ ಉದಾಹರಣೆಯ ಮೊತ್ತಗಳ ಬದಲು ತಮ್ಮ ಪ್ರದೇಶಕ್ಕೆ ಹಾಗೂ ಕೆಲಸದ ವರ್ಗಕ್ಕೆ ಅನ್ವಯವಾಗುವ ದರಗಳನ್ನು ತಿಳಿದುಕೊಂಡು, ತಮ್ಮ ಘಟಕದ ಬ್ರೆಡ್ ಬೆಲೆ ಮತ್ತು ಮೈದಾ ದರದೊಂದಿಗೆ ಇದೇ ಕ್ರಮದಲ್ಲಿ ಲೆಕ್ಕ ಹಾಕಿ, ಯೋಜನಾ ವರದಿಯಲ್ಲಿ ನಮೂದಿಸಲು ಅರ್ಜಿದಾರರಿಗೆ ಸೂಚಿಸಲಾಗಿದೆ.