ಕಾಯಿಯ ಬೆಲೆ, ನೆಲದ ಬೆಲೆ

ಇಮ್ಯಾನುಯೆಲ್ ಲಾಸ್ಕರ್ 1894ರಿಂದ 1921ರವರೆಗೆ ಚೆಸ್‌ನ ವಿಶ್ವ ಚಾಂಪಿಯನ್ ಆಗಿದ್ದವರು. ಆ ವರ್ಷಗಳಲ್ಲೇ ಬರ್ಲಿನ್‌ನಲ್ಲಿ ಅವರಿಗೂ ಅವರ ಸ್ನೇಹಿತ, ಚೆಸ್ ಆಟಗಾರ ಎಡ್ವರ್ಡ್ ಲಾಸ್ಕರ್ ಅವರಿಗೂ ಗೋ ಎಂಬ ಪೂರ್ವದೇಶದ ಆಟ ಹಿಡಿಸಿತು. ಕೆಲವು ಕಾಲ ತಮ್ಮತಮ್ಮಲ್ಲೇ ಆಡಿ ಕೈ ಪಳಗಿತೆನ್ನಿಸಿದ ಮೇಲೆ, ಬರ್ಲಿನ್‌ಗೆ ಬಂದಿದ್ದ ಜಪಾನಿನ ಗಣಿತಜ್ಞರೊಬ್ಬರ ಎದುರು ಕೂತರು. ಆತ ಅವರಿಗೆ ಒಂಬತ್ತು ಕಲ್ಲುಗಳನ್ನು ಮೊದಲೇ ಹಲಗೆಯ ಮೇಲೆ ಇಟ್ಟುಕೊಳ್ಳಲು ಬಿಟ್ಟುಕೊಟ್ಟ. ಇಬ್ಬರೂ ಒಟ್ಟಾಗಿ, ಚರ್ಚಿಸಿ ಆಡಿದರೂ ಸೋತರು. ಲೆಕ್ಕ ಹಾಕುವುದರಲ್ಲಿ ಅವರಿಗಿಂತ ಚುರುಕಾದವರು ಆಗ ಯುರೋಪಿನಲ್ಲಿ ವಿರಳ. ಸೋಲಿಗೆ ಒಂದು ಕಾರಣವನ್ನು ಆಟಗಳ ಹುಟ್ಟುಗುಣದಲ್ಲೇ ಹುಡುಕಬೇಕು. ಚೆಸ್ ಕಲಿಸುವ ಲೆಕ್ಕವೇ ಬೇರೆ, ಗೋ ಕೇಳುವ ಲೆಕ್ಕವೇ ಬೇರೆ.

ಚೆಸ್‌ನಲ್ಲಿ ಪ್ರತಿ ಕಾಯಿಗೂ ಬೆಲೆ ಇದೆ. ಕಾಲಾಳಿಗೆ ಒಂದು, ಕುದುರೆಗೂ ಒಂಟೆಗೂ ಮೂರು ಮೂರು, ಆನೆಗೆ ಐದು, ಮಂತ್ರಿಗೆ ಒಂಬತ್ತು. ಇದು ನಿಯಮವಲ್ಲ, ಅನುಭವದಿಂದ ಬಂದ ಅಂದಾಜು. ಆದರೂ ಎಲ್ಲರೂ ಇದನ್ನೇ ಹಿಡಿದು ಆಡುತ್ತಾರೆ. ಕಾರಣ ಸರಳ: ಆಟ ಶುರುವಾಗುವಾಗ ಇರುವ ಹದಿನಾರು ಕಾಯಿಗಳೇ ಕೊನೆಯವರೆಗಿನ ಸೈನ್ಯ. ಹೋದ ಕುದುರೆ ಹೋಯಿತು. ಕಾಲಾಳು ಕೊನೆಯ ಮನೆ ಮುಟ್ಟಿ ಬಡ್ತಿ ಪಡೆದರೆ ಮಾತ್ರ ನಷ್ಟ ತುಂಬಿಬರುತ್ತದೆ. ಆಟ ಸಾಗಿದಂತೆ ಹಲಗೆ ಬರಿದಾಗುತ್ತದೆ, ಬರಿದಾದಷ್ಟೂ ಒಂದು ಕಾಯಿಯ ಹೆಚ್ಚುವರಿ ತೂಕ ಬೆಳೆಯುತ್ತದೆ. ಐದಕ್ಕೆ ನಾಲ್ಕು ಇದ್ದಾಗ ಸಣ್ಣದೆನ್ನಿಸುವ ಅಂತರ, ಸಮಸಮ ಕಡಿಸುತ್ತಾ ಹೋಗಿ ಒಂದಕ್ಕೆ ಸೊನ್ನೆ ಎಂದಾದಾಗ ಆಟವನ್ನೇ ಗೆಲ್ಲಿಸಬಲ್ಲದು. ಆದ್ದರಿಂದಲೇ ಅನುಭವಿ ಚೆಸ್ ಆಟಗಾರನ ಕಣ್ಣು ಮೊದಲು ಹೋಗುವುದು ಯಾವ ಕಾಯಿ ಕಾವಲಿಲ್ಲದೆ ನಿಂತಿದೆ ಎಂಬ ಕಡೆಗೆ.

ಗೋ ಹಲಗೆ ಇದಕ್ಕೆ ತಿರುವುಮುರುವು. ಅಡ್ಡ ಹತ್ತೊಂಬತ್ತು, ಉದ್ದ ಹತ್ತೊಂಬತ್ತು ಗೆರೆಗಳು. ಗೆರೆಗಳು ಕೂಡುವ 361 ಜಾಗಗಳು. ಆಟ ಬರಿಯ ಹಲಗೆಯಿಂದ ಶುರುವಾಗಿ ತುಂಬುತ್ತಾ ಹೋಗುತ್ತದೆ. ಒಬ್ಬರಿಗೆ ಕಪ್ಪು ಕಲ್ಲು, ಇನ್ನೊಬ್ಬರಿಗೆ ಬಿಳಿ. ಸರದಿ ಬಂದಾಗ ಒಂದು ಕಲ್ಲನ್ನು ಯಾವುದಾದರೂ ಖಾಲಿ ಜಾಗದಲ್ಲಿ ಇಡುವುದು, ಅಷ್ಟೇ. ಇಟ್ಟ ಕಲ್ಲು ಸರಿಯುವುದಿಲ್ಲ. ಅದರ ಪಕ್ಕದ ಖಾಲಿ ಜಾಗಗಳೇ ಅದರ ಉಸಿರು. ನಾಲ್ಕೂ ಕಡೆ ಎದುರಾಳಿಯ ಕಲ್ಲು ಬಂದರೆ ಉಸಿರು ಕಟ್ಟಿ ಅದು ಹಲಗೆಯಿಂದ ಹೊರಬೀಳುತ್ತದೆ. ಕಲ್ಲುಗಳಲ್ಲಿ ರಾಜನಿಲ್ಲ, ಮಂತ್ರಿಯಿಲ್ಲ, ಎಲ್ಲವೂ ಒಂದೇ. ಮುಖ್ಯವಾದ ಸಂಗತಿ ಏನೆಂದರೆ, ಕಲ್ಲು ಹೋದರೂ ಸೈನ್ಯ ಕುಗ್ಗುವುದಿಲ್ಲ. ಮುಂದಿನ ಸರದಿಗೆ ಡಬ್ಬಿಯಿಂದ ಇನ್ನೊಂದು ಕಲ್ಲು ಬರುತ್ತದೆ. ನಿಜವಾಗಿ ಮುಗಿದುಹೋಗುವ ವಸ್ತು ಸರದಿ ಮತ್ತು ಜಾಗ. ಕೊನೆಗೆ ಯಾರು ಹೆಚ್ಚು ಖಾಲಿ ಜಾಗವನ್ನು ತಮ್ಮ ಕಲ್ಲುಗಳಿಂದ ಸುತ್ತುವರಿದಿದ್ದಾರೋ ಅವರದು ಗೆಲುವು.

ನಮ್ಮ ಆಡು-ಹುಲಿ ಆಟ ಆಡಿದವರಿಗೆ ಈ ಎರಡು ಮನಸ್ಸುಗಳೂ ಗೊತ್ತು. ಹುಲಿ ಹಿಡಿದವನು ಎಷ್ಟು ಆಡು ಹಾರಿ ತಿಂದೆ ಎಂದು ಎಣಿಸುತ್ತಾನೆ. ಆಡು ಹಿಡಿದವನು ಒಂದೆರಡು ಆಡು ಹೋದರೂ ಹುಲಿಯ ದಾರಿ ಕಟ್ಟುತ್ತಾ ಬರುತ್ತಾನೆ. ಗೋದಲ್ಲಿ ಇಬ್ಬರೂ ಆಡಿನ ಕಡೆಯವರೇ.

ಹಾಗಾದರೆ ಗೋದಲ್ಲಿ ಹೊಡೆದ ಒಂದು ಕಲ್ಲಿನ ಬೆಲೆ ಎಷ್ಟು? ಜಪಾನಿನ ಎಣಿಕೆಯಲ್ಲಿ ಇದಕ್ಕೆ ಖಚಿತ ಉತ್ತರವಿದೆ. ಸೆರೆ ಸಿಕ್ಕ ಕಲ್ಲಿಗೆ ಒಂದು ಅಂಕ, ಅದು ಬಿಟ್ಟುಹೋದ ಜಾಗ ನಮ್ಮದಾದರೆ ಅದಕ್ಕೊಂದು, ಒಟ್ಟು ಎರಡು. ಆಟದ ಆರಂಭದಲ್ಲಿ ಒಳ್ಳೆಯ ಜಾಗದಲ್ಲಿಟ್ಟ ಒಂದೇ ಕಲ್ಲು ಹತ್ತಾರು ಅಂಕಗಳನ್ನು ಅತ್ತಿಂದಿತ್ತ ಸರಿಸುತ್ತದೆ. ಚೆಸ್ ಕಡೆಯಿಂದ ಬಂದವರು ಮೊದಲ ಆಟಗಳಲ್ಲಿ ಎಡವುವುದು ಇಲ್ಲೇ. ಎರಡು ಅಂಕದ ಕಲ್ಲನ್ನು ಅಟ್ಟಿಸಿಕೊಂಡು ಹೋಗುತ್ತಾರೆ, ಅಷ್ಟರಲ್ಲಿ ಎದುರಾಳಿ ಮೂಲೆಗಳನ್ನು ಹಿಡಿದಿರುತ್ತಾನೆ.

ಮೂಲೆಯೇ ಏಕೆ? ಒಂಬತ್ತು ಖಾಲಿ ಜಾಗಗಳ ಒಂದು ಚೌಕಕ್ಕೆ ಬೇಲಿ ಹಾಕುವುದನ್ನು ಯೋಚಿಸಿ. ಹಲಗೆಯ ನಡುವೆ ಹಾಕಬೇಕೆಂದರೆ ನಾಲ್ಕು ಬದಿಗೂ ಮೂರು ಮೂರು, ಹನ್ನೆರಡು ಕಲ್ಲು ಬೇಕು. ಅಂಚಿನಲ್ಲಾದರೆ ಒಂದು ಬದಿಯನ್ನು ಹಲಗೆಯೇ ಕಾಯುತ್ತದೆ, ಒಂಬತ್ತು ಸಾಕು. ಮೂಲೆಯಲ್ಲಿ ಎರಡು ಬದಿ ಉಚಿತ, ಆರೇ ಕಲ್ಲು. ಅದೇ ನೆಲ, ಅರ್ಧ ಖರ್ಚು. ಆದ್ದರಿಂದ ಮೊದಲು ಮೂಲೆ, ಆಮೇಲೆ ಅಂಚು, ಕೊನೆಗೆ ನಡು ಎಂಬುದು ಗೋ ಆಟಗಾರರ ಸಾಮಾನ್ಯ ಕ್ರಮ. ಪ್ರತಿ ಕಲ್ಲಿಗೂ ಎಷ್ಟು ನೆಲ ಬಂತು ಎಂಬ ಈ ಪ್ರಶ್ನೆಗೆ ಸರಿಸಮವಾದ ಪ್ರಶ್ನೆ ಚೆಸ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಇನ್ನು ಸ್ವಾರಸ್ಯದ ಭಾಗಕ್ಕೆ ಬರೋಣ. ಕಲ್ಲು ಹೊಡೆಯುವುದು ಗೋದಲ್ಲಿ ಕೆಲವೊಮ್ಮೆ ಬಹಳ ದೊಡ್ಡ ಲಾಭವೇ. ಜಪಾನೀಯರು ಪೋನ್‌ನುಕಿ ಎನ್ನುವ ಆಕಾರವಿದೆ: ನಾಲ್ಕು ಕಲ್ಲು ಸೇರಿ ಒಂದು ಕಲ್ಲನ್ನು ತೆಗೆದ ಮೇಲೆ ಉಳಿಯುವ, ನಡುವೆ ಖಾಲಿ ಇರುವ ವಜ್ರಾಕಾರ. ಅದಕ್ಕೆ ಮೂವತ್ತು ಅಂಕದ ಬೆಲೆ ಎಂಬುದು ಅವರ ಹಳೆಯ ಗಾದೆ. ಸೆರೆಯ ಲೆಕ್ಕದಲ್ಲಿ ಎರಡೇ ಅಂಕವಾದದ್ದು ಮೂವತ್ತಾಗುವುದು ಹೇಗೆ? ಉಳಿದದ್ದು ಆ ನಾಲ್ಕು ಕಲ್ಲುಗಳ ಪ್ರಭಾವ. ಹಲಗೆಯ ನಡುಭಾಗದಲ್ಲಿ ಅಂಥ ಗಟ್ಟಿ ಆಕಾರ ನಿಂತರೆ ಸುತ್ತಲ ನಾಲ್ಕು ದಿಕ್ಕಿನ ಕಾಳಗಗಳೂ ಅದರ ಕಡೆಗೆ ವಾಲುತ್ತವೆ. ಅದೇ ಆಕಾರ ಹಲಗೆಯ ಅಂಚಿಗೆ ಒತ್ತಿಕೊಂಡಿದ್ದರೆ ಅದರ ಶಕ್ತಿಯಲ್ಲಿ ಬಹುಪಾಲು ಹಲಗೆಯ ಆಚೆಗೆ ವ್ಯರ್ಥವಾಗುತ್ತದೆ. ಹೊಡೆದ ಕಲ್ಲು ಎರಡೂ ಕಡೆ ಒಂದೇ. ಬೆಲೆ ನಿಂತ ಜಾಗದ್ದು.

ಈ ಮೂವತ್ತನ್ನೂ ಬಿಟ್ಟುಕೊಡುವ ಸಂದರ್ಭ ಬರುತ್ತದೆ. ಕೆಳಗಿನ ಎಡ ಭಾಗದಲ್ಲಿ ಬಿಳಿಯ ಒಂದು ಕಲ್ಲಿಗೆ ಮೂರು ಕಡೆ ಕಪ್ಪು ಬಂದು ಒಂದೇ ಉಸಿರು ಉಳಿದಿದೆ ಎನ್ನೋಣ. ಬಿಳಿ ಆ ಕಲ್ಲನ್ನು ಉಳಿಸಲೆಂದು ಪಕ್ಕಕ್ಕೆ ಇನ್ನೊಂದನ್ನು ಇಟ್ಟರೆ ಎರಡು ಉಸಿರಾಗುತ್ತದೆ. ಕಪ್ಪು ಮತ್ತೆ ಒಂದನ್ನು ಮುಚ್ಚುತ್ತದೆ. ಹೀಗೆ ಓಟ ಮೆಟ್ಟಿಲು ಮೆಟ್ಟಿಲಾಗಿ ಮೇಲಿನ ಬಲ ಮೂಲೆಯತ್ತ ಸಾಗುತ್ತದೆ. ಗೋದಲ್ಲಿ ಇದಕ್ಕೆ ಏಣಿ ಎಂದೇ ಹೆಸರು. ದಾರಿಯಲ್ಲಿ ಬಿಳಿಯ ಇನ್ನೊಂದು ಕಲ್ಲು ಇಲ್ಲದಿದ್ದರೆ ಓಟ ಅಂಚಿಗೆ ಮುಟ್ಟಿ ಎಲ್ಲವೂ ಸೆರೆ. ಹನ್ನೆರಡು ಕಲ್ಲು ಆಗುವಷ್ಟು ಓಡಿದರೆ ಇಪ್ಪತ್ತನಾಲ್ಕು ಅಂಕ ಹೋಯಿತು. ಒಂದು ಕಲ್ಲನ್ನು ಕಾಪಾಡುವ ಚೆಸ್ ಅಭ್ಯಾಸ ಇಲ್ಲಿ ನಷ್ಟವನ್ನು ಹನ್ನೆರಡು ಪಟ್ಟು ಮಾಡುತ್ತದೆ.

ಬಲ್ಲವರು ಬೇರೆ ದಾರಿ ಹಿಡಿಯುತ್ತಾರೆ. ಮೇಲಿನ ಬಲ ಮೂಲೆಯಲ್ಲಿ ಕಪ್ಪು ಒಂದು ಕಲ್ಲನ್ನಿಟ್ಟು ಕೂತಿದೆ. ಬಿಳಿ ಅದನ್ನು ಒತ್ತುವಂತೆ, ಜೊತೆಗೆ ಏಣಿಯ ದಾರಿಗೂ ಅಡ್ಡವಾಗುವಂತೆ ಅಲ್ಲೊಂದು ಕಲ್ಲು ಇಡುತ್ತದೆ. ಕಪ್ಪು ಮೂಲೆಯನ್ನು ಕಾಯಲು ಹೋದರೆ ಕೆಳಗಿನ ಬಿಳಿ ಕಲ್ಲು ಈಗ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಸಾಮಾನ್ಯವಾಗಿ ಕಪ್ಪು ಕೆಳಗಿನ ಕಲ್ಲನ್ನು ತಕ್ಷಣ ಹೊಡೆದು ಪೋನ್‌ನುಕಿ ಪಡೆಯುತ್ತದೆ. ಬಿಳಿಗೆ ಅದೇ ಮೂಲೆಯಲ್ಲಿ ಬೆನ್ನುಬೆನ್ನಿಗೆ ಎರಡನೇ ನಡೆ ಸಿಗುತ್ತದೆ, ಕಪ್ಪಿನ ಒಂಟಿ ಕಲ್ಲು ಇಕ್ಕಟ್ಟಿಗೆ ಸಿಲುಕುತ್ತದೆ. ಚೆಸ್ ಕಣ್ಣಿಗೆ ಬಿಳಿ ಒಂದು ಕಾಯಿ ಕಳೆದುಕೊಂಡಿದೆ, ಅಷ್ಟೇ. ಗೋ ಕಣ್ಣಿಗೆ ಒಂದು ವಜ್ರಾಕಾರಕ್ಕೂ ಒಂದು ಮೂಲೆಗೂ ವಿನಿಮಯ ನಡೆದಿದೆ. ಯಾರಿಗೆ ಲಾಭ ಎಂಬುದನ್ನು ಆ ಎರಡು ಜಾಗಗಳ ಸುತ್ತ ಏನಿದೆ ಎಂದು ನೋಡಿಯೇ ಹೇಳಬೇಕು.

ಹಾಗೆಂದು ಕಲ್ಲುಗಳನ್ನು ಉದಾರವಾಗಿ ಎಸೆಯುತ್ತಾ ಹೋಗುವಂತಿಲ್ಲ. ಎದುರಾಳಿಯ ಎರಡು ದುರ್ಬಲ ಗುಂಪುಗಳ ನಡುವೆ ನಿಂತು ಅವು ಕೂಡದಂತೆ ತಡೆದಿರುವ ಒಂದೇ ಕಲ್ಲು ಪ್ರಾಣದಷ್ಟು ಮುಖ್ಯ. ಅದು ಹೋದರೆ ಎರಡೂ ಗುಂಪು ಒಂದಾಗಿ ಬಲಗೊಳ್ಳುತ್ತವೆ, ನಮ್ಮ ಅಷ್ಟು ಹೊತ್ತಿನ ದಾಳಿಯೆಲ್ಲ ನೀರಿನಲ್ಲಿ ಹೋಮ. ಅದೇ ವೇಳೆ ಬೇಲಿ ಕಟ್ಟಲು ಬಳಸಿ ಕೆಲಸ ಮುಗಿದ ಐದು ಕಲ್ಲುಗಳನ್ನು ಉಳಿಸಲು ಒಂದು ನಡೆಯೂ ಕೊಡಬೇಕಾಗಿಲ್ಲ. ಎರಡನ್ನೂ ಬೇರ್ಪಡಿಸಿ ನೋಡಲು ಒಂದೇ ಪ್ರಶ್ನೆ ಸಾಕು: ಇದನ್ನು ಹೊಡೆದ ಮೇಲೆ ಎದುರಾಳಿಯ ಯಾವ ಕಷ್ಟ ಪರಿಹಾರವಾಗುತ್ತದೆ? ಗೋ ಆಟದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು. ಒಂದರ ಬೆಲೆ ಐದಕ್ಕಿಂತ ಹೆಚ್ಚಾಗುವುದನ್ನು ಹಲಗೆಯೇ ತೋರಿಸುತ್ತದೆ.

ಚೆಸ್‌ನಲ್ಲಿಯೂ ಬಲಿದಾನವಿದೆ, ಅದ್ಭುತವಾದದ್ದೇ ಇದೆ. 1851ರಲ್ಲಿ ಲಂಡನ್‌ನಲ್ಲಿ ಅಡಾಲ್ಫ್ ಆಂಡರ್ಸನ್ ಕೀಸೆರಿಟ್ಸ್ಕಿಯ ವಿರುದ್ಧ ಒಂದು ಒಂಟೆ, ಎರಡೂ ಆನೆ, ಕೊನೆಗೆ ಮಂತ್ರಿಯನ್ನೂ ಕೊಟ್ಟು, ಉಳಿದ ಒಂಟೆ ಮತ್ತು ಎರಡು ಕುದುರೆಗಳಿಂದ ಶಹಮಾತು ಮಾಡಿದರು. ಎದುರಾಳಿ ಕಳೆದುಕೊಂಡಿದ್ದು ಮೂರು ಕಾಲಾಳು ಮಾತ್ರ. ಆದರೆ ಅಂಥ ಬಲಿದಾನದ ಫಲವೆಲ್ಲ ಒಬ್ಬ ರಾಜನ ತಲೆಯ ಮೇಲೆ ನಿಂತಿದೆ. ರಾಜ ಸಿಕ್ಕದಿದ್ದರೆ ಕೊಟ್ಟದ್ದೆಲ್ಲ ಸಾಲವಾಗಿ ಉಳಿಯುತ್ತದೆ.

ಅದಕ್ಕೆ ಐದು ವರ್ಷ ಮೊದಲು, 1846ರ ಸೆಪ್ಟೆಂಬರ್‌ನಲ್ಲಿ, ಜಪಾನಿನಲ್ಲಿ ಹದಿನೇಳರ ಹುಡುಗ ಶೂಸಾಕು ಆ ಕಾಲದ ಬಹು ದೊಡ್ಡ ಆಟಗಾರ ಗೆನ್ನನ್ ಇನ್‌ಸೆಕಿಯ ಎದುರು ಕಪ್ಪು ಕಲ್ಲು ಹಿಡಿದು ಕೂತಿದ್ದ. ಆರಂಭದಲ್ಲಿ ಗೆನ್ನನ್‌ಗೇ ಮೇಲುಗೈ. 127ನೇ ನಡೆಯಲ್ಲಿ ಶೂಸಾಕು ಹಲಗೆಯ ನಡುಭಾಗದಲ್ಲಿ ಒಂದು ಕಲ್ಲು ಇಟ್ಟ. ಅದು ಯಾವ ಕಲ್ಲನ್ನೂ ಹೊಡೆಯಲಿಲ್ಲ. ಆದರೆ ತನ್ನ ದುರ್ಬಲ ಕಲ್ಲುಗಳಿಗೆ ಆಸರೆಯಾಯಿತು, ಮೇಲ್ಭಾಗದ ನೆಲವನ್ನು ಹಿಗ್ಗಿಸಿತು, ಎದುರಾಳಿಯ ನೆಲ ಹಬ್ಬುವುದನ್ನು ತಡೆಯಿತು. ನೋಡುತ್ತಿದ್ದ ವೈದ್ಯರೊಬ್ಬರು, ಆ ನಡೆ ಕಂಡ ಕೂಡಲೇ ಗೆನ್ನನ್ ಅವರ ಕಿವಿ ಕೆಂಪಾಯಿತು, ಅವರು ಗಾಬರಿಗೊಂಡಿದ್ದಾರೆ ಎಂದರಂತೆ. ಇಂದಿಗೂ ಆ ನಡೆಗೆ ಕಿವಿ ಕೆಂಪಾಗಿಸಿದ ನಡೆ ಎಂದೇ ಹೆಸರು. ಶೂಸಾಕು ಗೆದ್ದದ್ದು ಎರಡು ಅಂಕದಿಂದ. ಒಂದು ಸೆರೆಕಲ್ಲಿನ ಬೆಲೆ!

ಹೊಸಬರ ಇನ್ನೊಂದು ಚಾಳಿಯನ್ನು ಆಟದ ಕೊನೆಯಲ್ಲಿ ನೋಡಬಹುದು. ತಮ್ಮ ನೆಲದೊಳಗೆ ಸಿಕ್ಕಿಬಿದ್ದು ಬದುಕುವ ದಾರಿಯೇ ಇಲ್ಲದ ಎದುರಾಳಿಯ ಕಲ್ಲನ್ನೂ ಸುತ್ತ ಕಲ್ಲಿಟ್ಟು ತೆಗೆದೇ ತೀರುತ್ತಾರೆ. ಅಂಥ ಕಲ್ಲು ಆಟ ಮುಗಿದ ಮೇಲೆ ತಾನಾಗಿ ಸೆರೆಯ ಲೆಕ್ಕಕ್ಕೆ ಬರುತ್ತದೆ. ಎದುರಾಳಿ ಸುಮ್ಮನೆ ಸರದಿ ಬಿಟ್ಟುಕೊಟ್ಟರೆ, ಜಪಾನಿನ ಎಣಿಕೆಯಲ್ಲಿ ಹೀಗೆ ಒಳಗಿಟ್ಟ ಪ್ರತಿ ಕಲ್ಲೂ ತಮ್ಮದೇ ಒಂದು ಅಂಕದ ನೆಲವನ್ನು ನುಂಗುತ್ತದೆ.

ಈ ವ್ಯತ್ಯಾಸ ಎಲ್ಲ ಹಲಗೆಯಲ್ಲೂ ಒಂದೇ ತೀವ್ರತೆಯಲ್ಲಿ ಕಾಣುವುದಿಲ್ಲ. ಕಲಿಯುವವರಿಗೆ ಕೊಡುವ ಒಂಬತ್ತು ಗೆರೆಯ ಹಲಗೆಯಲ್ಲಿ 81 ಜಾಗಗಳಷ್ಟೇ. ಅಲ್ಲಿ ಬೇರೆಡೆ ಹೋಗಲು ಜಾಗವಿಲ್ಲ, ಮೊದಲ ಕೆಲವೇ ನಡೆಗಳಲ್ಲಿ ಕಲ್ಲುಗಳು ಮೈಗೆ ಮೈ ತಾಗುತ್ತವೆ, ಒಂದು ಗುಂಪು ಸೆರೆಯಾದರೆ ಆಟವೇ ಮುಗಿದಂತೆ. ಚೆಸ್‌ನಿಂದ ಬಂದವರು ಅಲ್ಲಿ ಬೇಗ ಗೆಲ್ಲತೊಡಗುತ್ತಾರೆ. ಉಸಿರು ಎಣಿಸುವುದನ್ನು ಕಲಿಯಲು ಅದು ಒಳ್ಳೆಯ ಜಾಗವೇ. ಆದರೆ ಒಂದು ಕಾಳಗವನ್ನು ಅರ್ಧಕ್ಕೆ ಬಿಟ್ಟು ದೂರದ ಮೂಲೆಗೆ ಹೋಗುವುದು ಯಾವಾಗ ಸರಿ ಎಂಬ ಪ್ರಶ್ನೆ ಪೂರ್ತಿಯಾಗಿ ಎದುರಾಗುವುದು ಹತ್ತೊಂಬತ್ತು ಗೆರೆಯ ಹಲಗೆಗೆ ಬಂದ ಮೇಲೆ. ನಡುವೆ ಹದಿಮೂರು ಗೆರೆಯ ಹಲಗೆಯಲ್ಲಿ ಕೆಲವು ಆಟ ಆಡಿದರೆ ಆ ದಾಟುವಿಕೆ ಅಷ್ಟು ಕಠಿಣವೆನ್ನಿಸುವುದಿಲ್ಲ.