ಪಾರಾಗುವ ದಾರಿಗೊಂದು ದೀಪ

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಟ್ರಾನ್ಸ್‌ಫಾರ್ಮರ್‌ಗೆ ಹೊತ್ತಿದ ಬೆಂಕಿಯ ಹೊಗೆ ಬಾಲ್ಕನಿಗೆ ನುಗ್ಗಿ 59 ಜನ ಸತ್ತರು. ಕರೆಂಟು ಹೋದ ಮೇಲೆ ಹೊರದಾರಿ ತೋರಿಸುವ ತುರ್ತುದೀಪಗಳು ಅಲ್ಲಿರಲಿಲ್ಲ.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ, ಪಾರಾಗುವ ದಾರಿಯ ನಡುಗೆರೆಯಲ್ಲಿ ನೆಲದ ಮೇಲೆ ಕನಿಷ್ಠ 10 ಲಕ್ಸ್ ಬೆಳಕು ಬೀಳಬೇಕು. ಯುರೋಪಿನ ಮಾನಕ 1 ಲಕ್ಸ್‌ಗೇ ತೃಪ್ತಿಪಡುತ್ತದೆ. ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ 3 ಮೀಟರ್ ಎತ್ತರಕ್ಕೆ, 8 ಮೀಟರಿಗೊಂದರಂತೆ ದೀಪ ಹಾಕಿದ್ದಾರೆ ಎನ್ನೋಣ. ಪ್ರತಿ ದೀಪವೂ ಎಲ್ಲ ದಿಕ್ಕಿಗೂ 200 ಕ್ಯಾಂಡೆಲಾ ಚೆಲ್ಲಿದರೆ, ದೀಪದ ಕೆಳಗೆ ಸುಮಾರು 22 ಲಕ್ಸ್ ಸಿಗುತ್ತದೆ. ಎರಡು ದೀಪಗಳ ನಟ್ಟನಡುವೆ ಎರಡರ ಬೆಳಕೂ ಸೇರಿ 9.6 ಲಕ್ಸ್ ಮಾತ್ರ. ಅಂತರವನ್ನು 6 ಮೀಟರಿಗೆ ಇಳಿಸಿದರೆ ಅದು 15 ದಾಟುತ್ತದೆ. ಈ ಹೆಚ್ಚುವರಿ ಬೇಕೇ ಬೇಕು. ದೀಪಕ್ಕೆ ದೂಳು ಹಿಡಿಯುತ್ತದೆ, ಬ್ಯಾಟರಿ ಹಳತಾಗುತ್ತದೆ. ಆದರೂ ಸಂಹಿತೆ ಕೇಳುವ ಒಂದೂವರೆ ಗಂಟೆಯ ಕೊನೆಯ ನಿಮಿಷದಲ್ಲೂ ನೆಲ ಕಾಣಬೇಕು.

ಬ್ಯಾಟರಿ ಎಲ್ಲಿರಬೇಕು? ಪ್ರತಿ ದೀಪದೊಳಗೇ ಇಟ್ಟರೆ, ತಂತಿ ಸುಟ್ಟರೂ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ಒಂದು ಕೆಟ್ಟರೆ ಒಂದೇ ಕೆಡುತ್ತದೆ. ಆದರೆ ಚಾವಣಿಯ ಬಿಸಿಗೆ ಈ ಪುಟ್ಟ ಬ್ಯಾಟರಿಗಳು ಕೆಲವೇ ವರ್ಷಗಳಲ್ಲಿ ಸೊರಗುತ್ತವೆ; ನೂರಾರು ದೀಪಗಳಿದ್ದಲ್ಲಿ ಒಂದೊಂದನ್ನೂ ಏಣಿ ಹತ್ತಿ ಬದಲಿಸಬೇಕು. ಎಲ್ಲಕ್ಕೂ ಸೇರಿಸಿ ಒಂದು ಕೋಣೆಯಲ್ಲಿ ದೊಡ್ಡ ಬ್ಯಾಟರಿ ಇಟ್ಟರೆ ನಿಗಾ ಸುಲಭ, ಬಾಳಿಕೆಯೂ ಹೆಚ್ಚು. ಆಗ ಆ ಕೋಣೆಗೆ ಬೆಂಕಿ ತಗಲದಂತೆ ಗೋಡೆ ಬೇಕು, ದೀಪಗಳವರೆಗೂ ಬೆಂಕಿಗೆ ಜಗ್ಗದ ಕೇಬಲ್ ಎಳೆಯಬೇಕು. ಕೇಬಲ್‌ನಲ್ಲಿ ಹಣ ಉಳಿಸಿದರೆ ಇಡೀ ಮಹಡಿ ಒಟ್ಟಿಗೆ ಕತ್ತಲಾಗಬಹುದು. ಸಣ್ಣ ನರ್ಸಿಂಗ್ ಹೋಮಿಗೆ ಮೊದಲನೆಯದೇ ಸಾಕು. ದೊಡ್ಡ ಆಸ್ಪತ್ರೆಗೆ, ನೋಡಿಕೊಳ್ಳುವ ಎಲೆಕ್ಟ್ರಿಷಿಯನ್ ಇದ್ದರೆ, ಎರಡನೆಯದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಎರಡರಲ್ಲೂ ನಡೆಯುವ ಒಂದು ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಶಾರ್ಟ್ ಸರ್ಕ್ಯೂಟ್ ಆಗಿ ಎರಡನೇ ಮಹಡಿಯ ಕಾರಿಡಾರಿನ ಎಂಸಿಬಿ ಬಿತ್ತೆನ್ನಿ. ಕಟ್ಟಡಕ್ಕೆ ಕರೆಂಟು ಬರುತ್ತಲೇ ಇದೆ, ಆ ಕಾರಿಡಾರು ಮಾತ್ರ ಕತ್ತಲು. ಕೇಂದ್ರ ಬ್ಯಾಟರಿಯ ಫಲಕ ಮುಖ್ಯ ಲೈನನ್ನಷ್ಟೇ ಗಮನಿಸುತ್ತಿದ್ದರೆ, ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿದೆ, ತುರ್ತುದೀಪ ಹೊತ್ತುವುದಿಲ್ಲ. ಬ್ಯಾಟರಿ ಒಳಗೇ ಇರುವ ದೀಪಕ್ಕೆ ಬೇರೆ ಲೈನಿನಿಂದ ಕರೆಂಟು ಕೊಟ್ಟಿದ್ದರೂ ಇದೇ ಗತಿ. ಆದ್ದರಿಂದ ಅಂಥ ದೀಪಕ್ಕೆ ಅದೇ ಕಾರಿಡಾರಿನ ಲೈಟಿಂಗ್ ಸರ್ಕ್ಯೂಟಿನಿಂದ, ಸ್ವಿಚ್ಚಿಗಿಂತ ಮೊದಲೇ, ಸಂಪರ್ಕ ಕೊಡಬೇಕು. ಕೇಂದ್ರ ಬ್ಯಾಟರಿಯಾದರೆ ಪ್ರತಿ ಮಹಡಿಯ ಸರ್ಕ್ಯೂಟನ್ನೂ ಕಾಯುವ ರಿಲೇ ಬೇಕು.

ಪರೀಕ್ಷೆಯೂ ಹಾಗೆಯೇ ನಡೆಯಬೇಕು. ಮೇನ್ ಸ್ವಿಚ್ ಆರಿಸಿದರೆ ಈ ತಪ್ಪು ಹೊರಬೀಳುವುದಿಲ್ಲ. ತಿಂಗಳಿಗೊಮ್ಮೆ ಒಂದೊಂದೇ ಮಹಡಿಯ ಲೈಟಿಂಗ್ ಎಂಸಿಬಿ ಇಳಿಸಿ ದೀಪ ಬಂತೇ ನೋಡಬೇಕು. ವರ್ಷಕ್ಕೊಮ್ಮೆ ಪೂರ್ತಿ ಒಂದೂವರೆ ಗಂಟೆ ಉರಿಸಿ, ಕೊನೆಗೆ ಎರಡು ದೀಪಗಳ ನಡುವೆ ನೆಲದ ಮೇಲೆ ಲಕ್ಸ್ ಮೀಟರ್ ಇಟ್ಟು ಅಳೆಯಬೇಕು.